ಇಪ್ಪತ್ನಾಲ್ಕು ಸೈಟು, ಒಂದು ಲಾಟರಿ: ಪಟ್ಟಿ ಕಲೆಸುವ ಕೋಡ್ ಎಲ್ಲಿ ವಾಲುತ್ತದೆ

ಹಾಸನದ ಹೊರವಲಯದಲ್ಲಿ ಒಂದು ಗೃಹನಿರ್ಮಾಣ ಸಹಕಾರ ಸಂಘದ ಬಡಾವಣೆ. ಹಂಚಲು ಉಳಿದದ್ದು 24 ಸೈಟು, ಹಣ ಪೂರ್ತಿ ಕಟ್ಟಿದ ಸದಸ್ಯರೂ 24. ಎಲ್ಲ ಸೈಟೂ 30×40, ಬೆಲೆಯೂ ಒಂದೇ. ಆದರೆ ಬೆಲೆ ಒಂದೇ ಆದ ಮಾತ್ರಕ್ಕೆ ಸೈಟು ಒಂದೇ ಆಗುವುದಿಲ್ಲ. 1ರಿಂದ 6ರವರೆಗಿನವು ಮುಖ್ಯರಸ್ತೆಗೆ ಮುಖ ಮಾಡಿವೆ, ಅದರಲ್ಲೂ 1ನೆಯದು ಮೂಲೆ ಸೈಟು. 23 ಮತ್ತು 24 ರಾಜಕಾಲುವೆಯ ಪಕ್ಕ. ಹಾಗಾಗಿ ಲಾಟರಿ. ಚೀಟಿ ಎತ್ತಿದರೆ ಮಡಿಕೆಯ ಗುರುತು ಹಿಡಿದು ಎತ್ತಿದರು ಎಂಬ ಮಾತು ಬರುತ್ತದೆ, ಕಂಪ್ಯೂಟರಿನಲ್ಲೇ ಮಾಡೋಣ ಎಂದು ಆಡಳಿತ ಮಂಡಳಿ ತೀರ್ಮಾನಿಸಿತು.

ನಿಯಮ ಸರಳ. ಸದಸ್ಯರ ಹೆಸರುಗಳು ಜ್ಯೇಷ್ಠತಾ ಪಟ್ಟಿಯ ಕ್ರಮದಲ್ಲೇ ಒಂದು ಅರೇಯಲ್ಲಿ ಕೂರುತ್ತವೆ. ಪ್ರೋಗ್ರಾಮ್ ಆ ಅರೇಯನ್ನು ಕಲೆಸುತ್ತದೆ. ಕಲೆಸಿದ ಮೇಲೆ ಮೊದಲ ಜಾಗದಲ್ಲಿರುವ ಹೆಸರಿಗೆ 1ನೇ ಸೈಟು, ಎರಡನೇ ಜಾಗದ ಹೆಸರಿಗೆ 2ನೇ ಸೈಟು, ಹೀಗೆ 24ರವರೆಗೆ. ಪಾರದರ್ಶಕವಾಗಿರಲಿ ಎಂದು ಪ್ರೋಗ್ರಾಮನ್ನು ಅಚ್ಚುಹಾಕಿಸಿ ಲಾಟರಿಗೆ ಮೊದಲೇ ಸೂಚನಾ ಫಲಕಕ್ಕೆ ಅಂಟಿಸಿದ್ದರು. ಅದು ಒಳ್ಳೆಯ ಕೆಲಸವಾಯಿತು. ತಪ್ಪು ಸಿಕ್ಕಿದ್ದೇ ಆ ಹಾಳೆಯಲ್ಲಿ.

```python
import random

def kalesu(patti):
    n = len(patti)
    for i in range(n):
        j = random.randrange(n)
        patti[i], patti[j] = patti[j], patti[i]
```

ಓದಿದರೆ ತಪ್ಪೇನೂ ಕಾಣುವುದಿಲ್ಲ. ಮೊದಲ ಜಾಗದಿಂದ ಕೊನೆಯ ಜಾಗದವರೆಗೆ ಒಂದೊಂದಾಗಿ ಹೋಗುತ್ತದೆ. ಪ್ರತಿ ಜಾಗದಲ್ಲಿರುವವರನ್ನು 24ರಲ್ಲಿ ಯಾವುದೋ ಒಂದು ಜಾಗದವರ ಜೊತೆ ಅದಲುಬದಲು ಮಾಡುತ್ತದೆ. ಎಲ್ಲ ಜಾಗಕ್ಕೂ ಸಮಾನ ಅವಕಾಶ, ಎಲ್ಲರಿಗೂ ಒಂದೊಂದು ಸರದಿ. ಪಟ್ಟಿಯ ಕೊನೆಯ ಹೆಸರಿನವರು ಹಾಳೆಯ ಫೋಟೊ ಹಿಡಿದು ಸಂಘದ ಕಚೇರಿಗೆ ಬಂದರು. "ಸ್ವಾಮಿ, ಇದರಲ್ಲಿ j ಯಾವಾಗಲೂ ಪೂರ್ತಿ ಪಟ್ಟಿಯಿಂದ ಬರ್ತಿದೆ. ಹಂಗಾದ್ರೆ ಎಲ್ಲರಿಗೂ ಸಮ ಬರಲ್ಲ" ಎಂದರು. ಕಾರ್ಯದರ್ಶಿ ಪ್ರೋಗ್ರಾಮ್ ಬರೆದ ಹುಡುಗನನ್ನು ಕರೆಸಿದರು. "ಸಾರ್, ಲಕ್ಷಗಟ್ಟಲೆ ಸಲ ಓಡ್ಸಿ ಎಣಿಸಿದೀನಿ, ಸರಿಯಾಗೇ ಬಂದಿದೆ" ಎಂದ ಅವನು. ಅವನು ಹೇಳಿದ್ದು ನಿಜವೇ. ಎಣಿಕೆ ಸರಿಯಾಗಿಯೇ ಬಂದಿತ್ತು, ಕೋಡ್ ಮಾತ್ರ ತಪ್ಪಾಗಿತ್ತು. ಈ ಎರಡೂ ಹೇಗೆ ಒಟ್ಟಿಗೆ ನಿಜವಾಗುತ್ತವೆ ಎಂಬುದನ್ನು ಮೊದಲು ನೋಡಬೇಕು, ಯಾಕೆಂದರೆ ಈ ತಪ್ಪು ಇಷ್ಟು ಕಾಲ ಬಾಳುವುದೇ ಕೆಟ್ಟ ಪರೀಕ್ಷೆಗಳ ನೆರಳಿನಲ್ಲಿ.

ಅವನ ಪರೀಕ್ಷೆಯಲ್ಲಿ ಎರಡು ಕಡೆ ಕಣ್ಣು ತಪ್ಪಿತ್ತು. ಒಂದು, ಪಟ್ಟಿಯನ್ನು ಲೂಪಿನ ಹೊರಗೆ ಒಮ್ಮೆ ಮಾತ್ರ ತಯಾರಿಸಿ, ಅದನ್ನೇ ಮತ್ತೆ ಮತ್ತೆ ಕಲೆಸಿದ್ದ. ಒಮ್ಮೆ ಕಲೆಸಿದ ಪಟ್ಟಿಯನ್ನೇ ಪುನಃ ಕಲೆಸುತ್ತಾ ಹೋದರೆ ಕೆಲವೇ ಸುತ್ತುಗಳಲ್ಲಿ ವಾಲಿಕೆ ತೊಳೆದುಹೋಗುತ್ತದೆ. ಎರಡು ಲಕ್ಷ ಸುತ್ತಿನ ಎಣಿಕೆಯಲ್ಲಿ ಮೊದಲ ನಾಲ್ಕೈದು ಸುತ್ತಿನ ವಾಲಿಕೆ ಎಲ್ಲಿ ಕಂಡೀತು? ನಿಜವಾದ ಲಾಟರಿಯಲ್ಲಿ ಪ್ರೋಗ್ರಾಮ್ ಓಡುವುದು ಒಂದೇ ಸಲ, ಅದೂ ಜ್ಯೇಷ್ಠತಾ ಪಟ್ಟಿಯಿಂದಲೇ ಶುರುವಾಗಿ. ಪರೀಕ್ಷೆಯೂ ಪ್ರತಿ ಸಲ ಅಲ್ಲಿಂದಲೇ ಶುರುವಾಗಬೇಕು. ಎರಡನೆಯದು ಇನ್ನೂ ಸೂಕ್ಷ್ಮ. ಮಂಡಳಿಯವರಿಗೆ ತೋರಿಸಲು ಅವನು ಪಟ್ಟಿಯ 1ನೇ ಸದಸ್ಯರ ಸಾಲನ್ನು ಅಚ್ಚುಹಾಕಿಸಿದ್ದ. ಈ ಕೋಡಿನಲ್ಲಿ 24 ಸದಸ್ಯರ ಪೈಕಿ ಪ್ರತಿ ಸೈಟಿಗೂ ಕರಾರುವಾಕ್ಕಾಗಿ ಸಮಾನ ಅವಕಾಶ ಇರುವುದು ಆ ಒಬ್ಬರಿಗೆ ಮಾತ್ರ! ಅದೇ ರೀತಿ ಸೈಟುಗಳ ಪೈಕಿ ಎಲ್ಲ ಸದಸ್ಯರಿಗೂ ಸಮನಾಗಿ ಹಂಚಿಕೆಯಾಗುವುದು ಕೊನೆಯ 24ನೇ ಸೈಟು ಒಂದೇ. ಪರೀಕ್ಷೆ ಮಾಡುವವರು ಸಹಜವಾಗಿ ಮೊದಲ ಸಾಲನ್ನೋ ಕೊನೆಯ ಕಂಬವನ್ನೋ ನೋಡುತ್ತಾರೆ. ಈ ತಪ್ಪು ಆ ಎರಡು ಕಡೆಯೇ ಇರುವುದಿಲ್ಲ.

ಸರಿಯಾದ ಪರೀಕ್ಷೆ ಹೀಗಿರಬೇಕು:

```python
N, SALA = 24, 240000
enike = [[0] * N for _ in range(N)]
for _ in range(SALA):
    p = list(range(N))      # prati sala hosa patti
    kalesu(p)
    for site, sadasya in enumerate(p):
        enike[sadasya][site] += 1
```

2,40,000 ಸಲ ಎಂದು ಆರಿಸಿದ್ದಕ್ಕೆ ಕಾರಣವಿದೆ. ಹಂಚಿಕೆ ಸಮವಾಗಿದ್ದರೆ ಪ್ರತಿ ಸದಸ್ಯರಿಗೂ ಪ್ರತಿ ಸೈಟೂ ಸುಮಾರು 10,000 ಸಲ ಬರಬೇಕು, ಓದಲು ಸುಲಭ. ಬರೀ ಅದೃಷ್ಟದಿಂದ ಆಗುವ ಏರಿಳಿತದ ಅಳತೆ, ಅಂದರೆ ಪ್ರಮಾಣಿತ ವಿಚಲನೆ, ಇಲ್ಲಿ ಸುಮಾರು 98. ಒಟ್ಟು 576 ಮನೆಗಳಿರುವ ಕೋಷ್ಟಕದಲ್ಲಿ ಒಂದೆರಡು ಮನೆಗಳು 300ರಷ್ಟು ಆಚೀಚೆ ಹೋದರೆ ಗಾಬರಿ ಬೇಡ. 400ಕ್ಕಿಂತ ಹೆಚ್ಚು ಹೋದ ಮನೆ ಕಂಡರೆ ಕೋಡ್ ತೆರೆದು ನೋಡಬೇಕು. ಬರೀ 240 ಸಲ ಓಡಿಸಿದ್ದರೆ ನಿರೀಕ್ಷೆ 10, ಏರಿಳಿತವೇ 3. ಅಲ್ಲಿ 13 ಬಂದರೆ ಅದು ವಾಲಿಕೆಯೋ ಅದೃಷ್ಟವೋ ಯಾರೂ ಹೇಳಲಾರರು.

ಫಲಕದಲ್ಲಿದ್ದ ಕೋಡಿಗೆ ಈ ಪರೀಕ್ಷೆ ಹಾಕಿದರೆ ಏನು ಬರುತ್ತದೆ ಎಂಬುದನ್ನು ಓಡಿಸದೆಯೂ ಲೆಕ್ಕ ಹಾಕಬಹುದು. 1ನೇ ಸೈಟು, ಅಂದರೆ ಮೂಲೆ ಸೈಟು, 1ನೇ ಸದಸ್ಯರಿಗೆ ಸುಮಾರು 10,000 ಸಲ ಬರುತ್ತದೆ. 2ನೆಯವರಿಗೆ 13,341. 3ನೆಯವರಿಗೆ 12,941. ಅಲ್ಲಿಂದ ಮೆಲ್ಲಗೆ ಇಳಿಯುತ್ತಾ 6ನೆಯವರಿಗೆ 11,841, 12ನೆಯವರಿಗೆ 10,019, 18ನೆಯವರಿಗೆ 8,608. ಕೊನೆಯ 24ನೆಯವರಿಗೆ ಬರೀ 7,515. ಮೂಲೆ ಸೈಟಿನ ಮಟ್ಟಿಗೆ ಪಟ್ಟಿಯ ಎರಡನೆಯವರ ಅವಕಾಶ ಕೊನೆಯವರದ್ದಕ್ಕಿಂತ ಸುಮಾರು 1.8 ಪಟ್ಟು. 98ರ ಏರಿಳಿತದ ಎದುರು ಮೂರು ಸಾವಿರದ ವ್ಯತ್ಯಾಸ! ಇದನ್ನು ಕಾಣಲು ಯಾವ ಸಂಖ್ಯಾಶಾಸ್ತ್ರವೂ ಬೇಡ.

ಕೊನೆಯ ಸದಸ್ಯರಿಗೆ ಇನ್ನೊಂದು ಪೆಟ್ಟೂ ಇದೆ. ಮೂಲೆ ಸೈಟು ಕಡಿಮೆ ಬರುವ ಅವರಿಗೇ ರಾಜಕಾಲುವೆ ಪಕ್ಕದ 23ನೇ ಸೈಟು 13,341 ಸಲ ಬರುತ್ತದೆ, ಸಮಪಾಲಿಗಿಂತ ಮೂರನೇ ಒಂದು ಪಾಲು ಜಾಸ್ತಿ. ರಸ್ತೆಗೆ ಮುಖ ಮಾಡಿದ ಮೊದಲ ಆರು ಸೈಟುಗಳನ್ನು ಒಟ್ಟಿಗೆ ತೆಗೆದುಕೊಂಡರೆ ಎಲ್ಲರಿಗೂ ಶೇ 25ರ ಅವಕಾಶ ಇರಬೇಕಿತ್ತು. ಈ ಕೋಡಿನಲ್ಲಿ 24ನೆಯವರಿಗೆ ಶೇ 19.9, 7ನೆಯವರಿಗೆ ಶೇ 29.8. ಜ್ಯೇಷ್ಠತೆಯಲ್ಲಿ ಏಳನೆಯವರಿಗೆ ಹೆಚ್ಚು ಕೊಡಬೇಕೆಂದು ಯಾರೂ ಉದ್ದೇಶಿಸಿರಲಿಲ್ಲ. ಆ ತೀರ್ಮಾನ ಮಾಡಿದ್ದು `randrange(n)` ಎಂಬ ಒಂದು ಸಾಲು.

ಯಾಕೆ ಹೀಗೆ? ಒಬ್ಬ ಸದಸ್ಯರನ್ನೇ ಹಿಂಬಾಲಿಸಿ ನೋಡಿದರೆ ತಿಳಿಯುತ್ತದೆ. ಲೂಪಿನ ಪ್ರತಿ ಸುತ್ತನ್ನು ಒಂದು ಸರದಿ ಎನ್ನೋಣ. 10ನೇ ಸರದಿಯಲ್ಲಿ 10ನೇ ಜಾಗದಲ್ಲಿ ಕೂತವರು ಎದ್ದು 24 ಜಾಗಗಳಲ್ಲಿ ಯಾವುದಕ್ಕಾದರೂ ಹೋಗುತ್ತಾರೆ, ಅಲ್ಲಿದ್ದವರು 10ನೇ ಜಾಗಕ್ಕೆ ಬರುತ್ತಾರೆ. ಹಾಗಾದರೆ ಒಬ್ಬರು ಹಿಂದಕ್ಕೆ, ಅಂದರೆ ಸರದಿ ಆಗಲೇ ಮುಗಿದ ಚಿಕ್ಕ ಸಂಖ್ಯೆಯ ಜಾಗಕ್ಕೆ, ಹೋಗುವುದು ಯಾವಾಗ? ಸರದಿ ತಮ್ಮ ಜಾಗಕ್ಕೆ ಬಂದಾಗ ತಾವು ಅಲ್ಲಿಯೇ ಕೂತಿದ್ದರೆ ಮಾತ್ರ. ತಮ್ಮ ಸರದಿಗೆ ಮೊದಲೇ ಬೇರೆ ಯಾರದ್ದೋ ಸರದಿಯಲ್ಲಿ ಎಳೆಸಿಕೊಂಡು ಹೋದವರು ಸರದಿ ದಾಟಿಹೋದ ಜಾಗದಲ್ಲಿ ಸಿಕ್ಕಿಬೀಳುತ್ತಾರೆ. ಅಲ್ಲಿಂದ ಮುಂದೆ ಅವರು ಚಲಿಸಿದರೆ ದೊಡ್ಡ ಸಂಖ್ಯೆಯ ಕಡೆಗೇ, ಹಿಂದಕ್ಕೆ ಬರುವ ದಾರಿ ಇಲ್ಲ.

ಈಗ ಲೆಕ್ಕ ಕೂರುತ್ತದೆ. ಒಂದು ಸರದಿಯಲ್ಲಿ ಎಳೆಸಿಕೊಳ್ಳದೆ ಉಳಿಯುವ ಅವಕಾಶ 23/24. 2ನೇ ಸದಸ್ಯರು ಒಂದೇ ಸರದಿ ಕಾಯಬೇಕು, ಅಲುಗದೆ ತಮ್ಮ ಸರದಿ ತಲುಪುವ ಅವಕಾಶ ಶೇ 95.8. 24ನೆಯವರು 23 ಸರದಿ ಕಾಯಬೇಕು. 23/24 ಅನ್ನು 23 ಸಲ ಗುಣಿಸಿದರೆ ಶೇ 37.6 ಉಳಿಯುತ್ತದೆ. ಮೂಲೆ ಸೈಟಿಗೆ ಹಾರಲು ಬೇಕಾದ ಆ ಒಂದು ಅವಕಾಶ ಅವರ ಕೈತಪ್ಪುವುದೇ ಹೆಚ್ಚು. 7ನೆಯವರ ಲಾಭವೂ ಇದರಿಂದಲೇ ಅರ್ಥವಾಗುತ್ತದೆ. ಮೊದಲ ಆರು ಸರದಿಯಲ್ಲಿ ಅವರು ಎಳೆಸಿಕೊಂಡರೆ ಬಂದು ಕೂರುವುದು ಮೊದಲ ಆರು ಸೈಟಿನಲ್ಲೇ. ಎಳೆಸಿಕೊಳ್ಳದಿದ್ದರೆ ಏಳನೇ ಸರದಿಯಲ್ಲಿ ಆ ಆರಕ್ಕೆ ಹಾರುವ ಪೂರ್ತಿ ಅವಕಾಶ ಇನ್ನೂ ಕೈಯಲ್ಲಿದೆ. 24ನೆಯವರಿಗೂ ಮೊದಲ ಆರು ಸರದಿಯಲ್ಲಿ ಎಳೆಸಿಕೊಳ್ಳುವ ಅವಕಾಶ ಅಷ್ಟೇ ಇದೆ. ಆದರೆ ಅಲ್ಲಿ ತಪ್ಪಿದರೆ ಮುಂದಿನ ಹದಿನೇಳು ಸರದಿಗಳು ಅವರನ್ನು 7ರಿಂದ 23ರ ನಡುವೆ ಎಲ್ಲೋ ಹಿಡಿದು ಕೂರಿಸುತ್ತವೆ.

1ನೇ ಸದಸ್ಯರು ಯಾಕೆ ಪಾರಾಗುತ್ತಾರೆ? ಅವರು ಯಾರಿಗೂ ಕಾಯಬೇಕಿಲ್ಲ. ಮೊದಲ ಸರದಿಯಲ್ಲೇ ಅವರು 24 ಜಾಗಕ್ಕೂ ಸಮಾನ ಅವಕಾಶದಲ್ಲಿ ಹರಡಿಹೋಗುತ್ತಾರೆ. ಹಾಗೆ ಸಮನಾಗಿ ಹರಡಿದ ಮೇಲೆ ಮುಂದಿನ ಯಾವ ಅದಲುಬದಲೂ ಆ ಸಮತ್ವವನ್ನು ಕೆಡಿಸಲಾರದು. ಕೊನೆಯ ಸೈಟಿಗೂ ಇಂಥದ್ದೇ ಕಾರಣ. ಕೊನೆಯ ಸರದಿಯಲ್ಲಿ 24 ಜಾಗಗಳಿಂದ ಒಬ್ಬರನ್ನು ಸಮಾನ ಅವಕಾಶದಲ್ಲಿ ಆರಿಸಿ ಅಲ್ಲಿ ಕೂರಿಸಲಾಗುತ್ತದೆ, ಅದರ ನಂತರ ಯಾರೂ ಅದನ್ನು ಮುಟ್ಟುವುದಿಲ್ಲ.

ಸೂತ್ರ ಬೇಕಾದವರಿಗೆ, s ಸದಸ್ಯರ ಕ್ರಮಸಂಖ್ಯೆ, t ಸೈಟಿನ ಸಂಖ್ಯೆ (ಎರಡೂ 1ರಿಂದ), n = 24, q = 23/24 ಆದರೆ ಸಮಪಾಲಿನ ಎಷ್ಟು ಪಟ್ಟು ಅವಕಾಶ ಸಿಗುತ್ತದೆ ಎಂಬುದು ಇದು:

```
s > t :  q^(n-t) + q^(s-1)
s <= t:  q^(n-t) + q^(s-1) - q^(n-t+s-1)
```

ಮೇಲಿನ ಸಂಖ್ಯೆಗಳೆಲ್ಲ ಇದರಿಂದಲೇ ಬಂದವು. s = 1 ಹಾಕಿದರೆ ಅಥವಾ t = n ಹಾಕಿದರೆ ಉತ್ತರ ಸರಿಯಾಗಿ 1 ಬರುವುದನ್ನು ಕೈಯಲ್ಲೇ ಪರೀಕ್ಷಿಸಬಹುದು.

ಇಷ್ಟೆಲ್ಲ ಆದ ಮೇಲೂ "ಇನ್ನೂ ಒಳ್ಳೆ ರ್‍ಯಾಂಡಮ್ ಜನರೇಟರ್ ಹಾಕಿದರೆ ಸರಿಹೋಗಬಹುದಲ್ಲ" ಎಂಬ ಆಸೆ ಉಳಿಯುತ್ತದೆ. ಉಳಿಯಬಾರದು. ಮೂರೇ ಸದಸ್ಯರನ್ನು ತೆಗೆದುಕೊಳ್ಳಿ: ಅ, ಬ, ಕ. ಮೂರು ಸರದಿ, ಪ್ರತಿ ಸರದಿಯಲ್ಲಿ ಮೂರು ಆಯ್ಕೆ, ಒಟ್ಟು 27 ದಾರಿಗಳು, ಎಲ್ಲವೂ ಸಮಾನ. ತಲುಪಬೇಕಾದ ಕ್ರಮಗಳು 6. 27ನ್ನು ಆರು ಸಮಭಾಗ ಮಾಡಲು ಬರುವುದಿಲ್ಲ. ಎಲ್ಲ ದಾರಿಗಳನ್ನೂ ಕಾಗದದಲ್ಲಿ ಬರೆದು ಎಣಿಸಿದರೆ ಅಬಕ, ಕಅಬ, ಕಬಅ ಈ ಮೂರಕ್ಕೆ ತಲಾ 4 ದಾರಿ, ಅಕಬ, ಬಅಕ, ಬಕಅ ಈ ಮೂರಕ್ಕೆ ತಲಾ 5 ದಾರಿ ಸಿಗುತ್ತವೆ. 24 ಸದಸ್ಯರಿಗೆ ಒಟ್ಟು ದಾರಿಗಳು 24ರ 24ನೇ ಘಾತ. ಇದನ್ನು ಭಾಗಿಸುವ ಅವಿಭಾಜ್ಯ ಸಂಖ್ಯೆಗಳು 2 ಮತ್ತು 3 ಮಾತ್ರ. ಕ್ರಮಗಳ ಸಂಖ್ಯೆಯಾದ 24! ಒಳಗೆ 5, 7, 11 ಎಲ್ಲ ಇವೆ. ಭಾಗವಾಗುವ ಮಾತೇ ಇಲ್ಲ. ಜನರೇಟರ್ ಎಷ್ಟೇ ಶುದ್ಧವಾಗಿರಲಿ, ಈ ಲೂಪು ಸಮನಾಗಿ ಕಲೆಸಲಾರದು. ಇಬ್ಬರಿದ್ದಾಗ ಮಾತ್ರ 4 ದಾರಿ, 2 ಕ್ರಮ, ಸರಿಯಾಗಿ ಕೂರುತ್ತದೆ. ಮೂರರಿಂದ ಮೇಲೆ ಯಾವ ಸಂಖ್ಯೆಗೂ ಕೂರುವುದಿಲ್ಲ. n ಮತ್ತು n-1ಕ್ಕೆ ಸಾಮಾನ್ಯ ಅಪವರ್ತನ ಇರುವುದಿಲ್ಲವಾದ್ದರಿಂದ, n-1ರ ಯಾವುದೇ ಅವಿಭಾಜ್ಯ ಅಪವರ್ತನ n! ಒಳಗೆ ಇರುತ್ತದೆ, nನ ಘಾತದೊಳಗೆ ಇರುವುದಿಲ್ಲ.

ಎರಡು ಸಲ ಕಲೆಸಿದರೆ? ವಾಲಿಕೆ ತುಂಬ ಕಡಿಮೆಯಾಗುತ್ತದೆ, ಸೊನ್ನೆಯಾಗುವುದಿಲ್ಲ. 24ರ 48ನೇ ಘಾತದಲ್ಲೂ 5 ಇಲ್ಲ. ಪ್ರೋಗ್ರಾಮನ್ನು ಹತ್ತು ಸಲ ಓಡಿಸಿ ಹನ್ನೊಂದನೆಯ ಫಲಿತಾಂಶ ತೆಗೆದುಕೊಳ್ಳೋಣ ಎಂಬ ಸಲಹೆಯಂತೂ ಏನನ್ನೂ ಬದಲಿಸುವುದಿಲ್ಲ, ಪ್ರತಿ ಓಟವೂ ಅದೇ ಜ್ಯೇಷ್ಠತಾ ಪಟ್ಟಿಯಿಂದಲೇ ಶುರುವಾಗುತ್ತದಲ್ಲ.

ಸರಿಯಾದ ವಿಧಾನ ಹಳೆಯದು. ರೊನಾಲ್ಡ್ ಫಿಶರ್ ಮತ್ತು ಫ್ರಾಂಕ್ ಯೇಟ್ಸ್ 1938ರಲ್ಲಿ ಪ್ರಕಟಿಸಿದರು. ಅವರದ್ದು ಕಾಗದ ಪೆನ್ಸಿಲ್ಲಿನಲ್ಲಿ ಮಾಡುವ ಕ್ರಮ: ಉಳಿದವುಗಳಲ್ಲಿ ಒಂದನ್ನು ಆರಿಸಿ ಹೊಡೆದುಹಾಕು, ಪಕ್ಕದಲ್ಲಿ ಬರೆ, ಮತ್ತೆ ಉಳಿದವುಗಳಲ್ಲಿ ಒಂದನ್ನು ಆರಿಸು. 1964ರಲ್ಲಿ ರಿಚರ್ಡ್ ಡರ್ಸ್ಟನ್‌ಫೆಲ್ಡ್ ಇದನ್ನು ಕಂಪ್ಯೂಟರಿಗೆ ಹೊಂದಿಸಿ, ಬೇರೆ ಪಟ್ಟಿ ಬೇಕಿಲ್ಲದೆ ಅದೇ ಅರೇಯೊಳಗೆ ಅದಲುಬದಲು ಮಾಡುವ ರೂಪ ಕೊಟ್ಟರು. ಇಂದು ಎಲ್ಲರೂ ಬಳಸುವುದು ಆ ರೂಪವನ್ನೇ:

```python
def kalesu(patti):
    for i in range(len(patti) - 1, 0, -1):
        j = random.randrange(i + 1)
        patti[i], patti[j] = patti[j], patti[i]
```

ಇದು ಡಬ್ಬಿಯಲ್ಲಿ 24 ಚೀಟಿ ಹಾಕಿ ಒಂದೊಂದಾಗಿ ಎತ್ತುವುದಕ್ಕೆ ಸಮ. ಮೊದಲ ಸುತ್ತಿನಲ್ಲಿ 24 ಜನರಲ್ಲಿ ಒಬ್ಬರನ್ನು ಎತ್ತಿ ಕೊನೆಯ ಜಾಗದಲ್ಲಿ ಕೂರಿಸುತ್ತದೆ. ಆ ಜಾಗ ಮುಗಿಯಿತು, ಇನ್ನು ಅದನ್ನು ಮುಟ್ಟುವುದಿಲ್ಲ. ಎರಡನೇ ಸುತ್ತಿನಲ್ಲಿ ಉಳಿದ 23 ಜನರಲ್ಲಿ ಒಬ್ಬರು 23ನೇ ಜಾಗಕ್ಕೆ. ಹೀಗೆ ಇಬ್ಬರು ಉಳಿಯುವವರೆಗೆ. ಅದಲುಬದಲು ಇಲ್ಲಿ ಬರೀ ಜಾಗ ಉಳಿಸುವ ಉಪಾಯ. ಆಯ್ಕೆಯಾದವರು ಮುಗಿದ ಭಾಗಕ್ಕೆ ಹೋಗುತ್ತಾರೆ, ಅಲ್ಲಿದ್ದವರು ಇನ್ನೂ ಡಬ್ಬಿಯಲ್ಲಿರುವ ಭಾಗಕ್ಕೆ ಬರುತ್ತಾರೆ. ಹಳೆಯ ಕೋಡಿನಲ್ಲಿ ಎತ್ತಿದ ಚೀಟಿ ಮತ್ತೆ ಡಬ್ಬಿಗೆ ಬೀಳುತ್ತಿತ್ತು, ಕೂರಿಸಿದವರನ್ನು ಮತ್ತೆ ಎಬ್ಬಿಸುತ್ತಿತ್ತು. ಎಲ್ಲ ಕೇಡಿಗೂ ಮೂಲ ಅದೇ.

ಸಮ ಎಂಬುದಕ್ಕೆ ಸಾಕ್ಷಿ ಎರಡು ಸಾಲಿನಲ್ಲಿ ಮುಗಿಯುತ್ತದೆ. ಯಾವುದೇ ಸದಸ್ಯರು 24ನೇ ಸೈಟಿಗೆ ಹೋಗುವ ಅವಕಾಶ 1/24. 23ನೇ ಸೈಟಿಗೆ ಹೋಗಬೇಕಾದರೆ ಮೊದಲು 24ಕ್ಕೆ ಹೋಗದೆ ಉಳಿಯಬೇಕು, 23/24, ಆಮೇಲೆ ಉಳಿದ 23ರಲ್ಲಿ ಆಯ್ಕೆಯಾಗಬೇಕು, 1/23. ಗುಣಿಸಿದರೆ ಮತ್ತೆ 1/24. ಹೀಗೆ ಪ್ರತಿ ಸೈಟಿಗೂ. ದಾರಿಗಳ ಎಣಿಕೆಯೂ ಈಗ 24×23×22×…×2, ಅಂದರೆ ಸರಿಯಾಗಿ 24!. ಬೇರೆ ಬೇರೆ ದಾರಿ ಬೇರೆ ಬೇರೆ ಕ್ರಮಕ್ಕೇ ಹೋಗುತ್ತದೆ, ಒಂದು ಕ್ರಮಕ್ಕೆ ಒಂದೇ ದಾರಿ.

ನಾಲ್ಕು ಜನರ ಮೇಲೆ ಒಮ್ಮೆ ಕೈಯಲ್ಲಿ ಓಡಿಸಿದರೆ ಮನಸ್ಸಿನಲ್ಲಿ ನಿಲ್ಲುತ್ತದೆ. ಪಟ್ಟಿ ಅ ಬ ಕ ಡ. ಕೋಡಿನಲ್ಲಿ ಜಾಗಗಳು 0ಯಿಂದ 3. i = 3ರಲ್ಲಿ j ಆಗಿ 1 ಬಂತು ಎನ್ನಿ: ಬ ಮತ್ತು ಡ ಬದಲಾಗಿ ಅ ಡ ಕ ಬ, ಬ ಖಾಯಂ. i = 2ರಲ್ಲಿ j 0ಯಿಂದ 2ರೊಳಗೆ, 2 ಬಂತು: ಕ ಇದ್ದಲ್ಲೇ ಖಾಯಂ. i = 1ರಲ್ಲಿ j 0 ಅಥವಾ 1, 0 ಬಂತು: ಡ ಅ ಕ ಬ. ಮುಗಿಯಿತು. ಇಲ್ಲಿ i = 2ರಲ್ಲಿ ಕ ತನ್ನ ಜೊತೆಗೇ ಅದಲುಬದಲಾಯಿತು ಎಂಬುದನ್ನು ಗಮನಿಸಿ. ಇದು ದಂಡದ ಕೆಲಸ ಎನಿಸಿ ಕೆಲವರು `randrange(i + 1)` ಬದಲು `randrange(i)` ಎಂದು ಬರೆಯುತ್ತಾರೆ, ಅಥವಾ ಒಂದು ಕೂಡಿಸಲು ಮರೆಯುತ್ತಾರೆ. ಆಗ ಅದು ಫಿಶರ್-ಯೇಟ್ಸ್ ಆಗಿ ಉಳಿಯುವುದಿಲ್ಲ, ಸಟ್ಟೊಲೊ ವಿಧಾನ ಎಂಬ ಬೇರೆಯದ್ದೇ ಆಗುತ್ತದೆ. ಅದರಲ್ಲಿ ಯಾರೂ ತಮ್ಮ ಮೊದಲಿನ ಜಾಗದಲ್ಲಿ ಉಳಿಯುವಂತಿಲ್ಲ. ಸಂಘದ ಲಾಟರಿಯಲ್ಲಿ ಇದರ ಅರ್ಥ: ಪಟ್ಟಿಯ 1ನೆಯವರಿಗೆ ಮೂಲೆ ಸೈಟು ಎಂದೆಂದಿಗೂ ಬರುವುದಿಲ್ಲ. ಕೋಷ್ಟಕದಲ್ಲಿ ಇದನ್ನು ಹಿಡಿಯುವುದು ಸುಲಭ, ಮೂಲೆಯಿಂದ ಮೂಲೆಗೆ ಹೋಗುವ ಕರ್ಣದ ಮನೆಗಳೆಲ್ಲ ಸೊನ್ನೆ.

ಕೋಡ್ ತಿದ್ದಿ ಪರೀಕ್ಷೆ ಓಡಿಸಿದರೆ 576 ಮನೆಗಳೂ 9,600 ಮತ್ತು 10,400ರ ನಡುವೆ ಇರಬೇಕು. ಅಲ್ಲಿಗೇ ನಿಲ್ಲಿಸುವುದು ಸಾಲದು. ಪ್ರತಿ ಸದಸ್ಯರಿಗೆ ಪ್ರತಿ ಸೈಟೂ ಸಮನಾಗಿ ಬಂದರೂ ಕಲೆಸುವಿಕೆ ಕೆಟ್ಟದಿರಬಹುದು. ಉದಾಹರಣೆಗೆ ಪಟ್ಟಿಯನ್ನು ಕಲೆಸದೆ, 0ಯಿಂದ 23ರೊಳಗಿನ ಒಂದು ಸಂಖ್ಯೆಯಷ್ಟು ಸುಮ್ಮನೆ ತಿರುಗಿಸಿದರೂ ಈ ಕೋಷ್ಟಕ ಚೊಕ್ಕವಾಗಿಯೇ ಬರುತ್ತದೆ. ಆದರೆ ಅಲ್ಲಿ ಸಾಧ್ಯವಿರುವುದು 24 ಕ್ರಮಗಳು ಮಾತ್ರ, ಪಟ್ಟಿಯಲ್ಲಿ ಅಕ್ಕಪಕ್ಕದವರು ಬಡಾವಣೆಯಲ್ಲೂ ಅಕ್ಕಪಕ್ಕವೇ, ಸುತ್ತಿಕೊಂಡು ಮೊದಲಿಗೂ ಕೊನೆಗೂ ಬಿದ್ದವರನ್ನು ಬಿಟ್ಟು. ಅದಕ್ಕೆ ಎರಡನೇ ಪರೀಕ್ಷೆ ಬೇಕು. ಅದೇ ಫಂಕ್ಷನ್ನಿಗೆ ನಾಲ್ಕೇ ಹೆಸರು ಕೊಟ್ಟು 24,000 ಸಲ ಓಡಿಸಿ, ಬಂದ ಪೂರ್ತಿ ಕ್ರಮಗಳನ್ನೇ ಎಣಿಸಬೇಕು. ನಾಲ್ಕು ಹೆಸರಿನ 24 ಕ್ರಮಗಳೂ ತಲಾ ಸುಮಾರು 1,000 ಸಲ, 31ರಷ್ಟು ಏರಿಳಿತದೊಂದಿಗೆ ಬರಬೇಕು. ಹಳೆಯ ಕೋಡ್ ಇಲ್ಲೂ ಬೀಳುತ್ತದೆ, 256 ದಾರಿಗಳು 24 ಕ್ರಮಕ್ಕೆ ಸಮನಾಗಿ ಹಂಚಿಕೆಯಾಗುವುದಿಲ್ಲ. ಎರಡೂ ಪರೀಕ್ಷೆಗಳನ್ನು ಒಟ್ಟಿಗೆ ಇಟ್ಟುಕೊಳ್ಳುವುದು ಒಳ್ಳೆಯದು: ಒಂದು ನಿಜವಾದ ಗಾತ್ರದಲ್ಲಿ ಜಾಗಗಳನ್ನು ನೋಡುತ್ತದೆ, ಇನ್ನೊಂದು ಚಿಕ್ಕ ಗಾತ್ರದಲ್ಲಿ ಕ್ರಮಗಳನ್ನು.

ಲೂಪು ಸರಿಯಾದ ಮೇಲೆ ಉಳಿಯುವ ಪ್ರಶ್ನೆ j ಎಲ್ಲಿಂದ ಬರುತ್ತದೆ ಎಂಬುದು. ಪೈಥಾನಿನ `randrange` ತನ್ನ ಮಿತಿಯೊಳಗೆ ಸಮನಾಗಿಯೇ ಕೊಡುತ್ತದೆ. ಕೈಯಾರೆ ಶೇಷ ತೆಗೆಯುವವರು ಎಚ್ಚರವಾಗಿರಬೇಕು. ಒಂದು ಬೈಟನ್ನು 24ರಿಂದ ಭಾಗಿಸಿ ಶೇಷ ತೆಗೆದುಕೊಂಡರೆ, 256 ಬೆಲೆಗಳಲ್ಲಿ 0ಯಿಂದ 15ರವರೆಗಿನ ಶೇಷಗಳಿಗೆ ತಲಾ 11, 16ರಿಂದ 23ಕ್ಕೆ ತಲಾ 10 ಸಿಗುತ್ತವೆ, ಹತ್ತಕ್ಕೆ ಒಂದರಷ್ಟು ವಾಲಿಕೆ. ಅದಕ್ಕೆ ಮದ್ದು 240 ಮತ್ತು ಅದಕ್ಕಿಂತ ದೊಡ್ಡ ಬೈಟನ್ನು ಎಸೆದು ಹೊಸದನ್ನು ತೆಗೆಯುವುದು.

ಜನರೇಟರ್ ಯಾವ ಸಂಖ್ಯೆಯಿಂದ ಶುರುವಾಗುತ್ತದೋ ಆ ಬೀಜಸಂಖ್ಯೆಯ ಗಾತ್ರ ಇದಕ್ಕಿಂತ ಗಂಭೀರ. 24! ಅಂದರೆ ಸುಮಾರು 6.2×10^23 ಕ್ರಮಗಳು. ಬೀಜ 32 ಬಿಟ್ಟಿನದ್ದಾದರೆ ಪ್ರೋಗ್ರಾಮ್ ಹೊರಡಿಸಬಲ್ಲದ್ದು ಹೆಚ್ಚೆಂದರೆ 430 ಕೋಟಿ ಕ್ರಮಗಳು, ಉಳಿದವು ಎಂದಿಗೂ ಬರುವುದಿಲ್ಲ. ಗಡಿಯಾರದ ಸೆಕೆಂಡನ್ನೇ ಬೀಜವಾಗಿ ಕೊಟ್ಟರೆ ಇನ್ನೂ ಕೆಡುಕು. ಬೆಳಿಗ್ಗೆ 11ರಿಂದ 12ರ ನಡುವೆ ಲಾಟರಿ ಎಂದು ಗೊತ್ತಿದ್ದರೆ 3,600 ಬೀಜಗಳನ್ನೂ ಮನೆಯಲ್ಲೇ ಓಡಿಸಿ, ತಮಗೆ ಮೂಲೆ ಸೈಟು ಬರುವ ಸೆಕೆಂಡಿನಲ್ಲಿ ಗುಂಡಿ ಒತ್ತಬಹುದು. ಬೀಜ ಯಾರಿಗೂ ಕಾಣಬಾರದು ಎಂದಾದರೆ `secrets.SystemRandom().shuffle(patti)` ಸಾಕು. ಅದರೊಳಗೆ ಇರುವುದೂ ಫಿಶರ್-ಯೇಟ್ಸ್ ವಿಧಾನವೇ. ಆದರೆ ಅದರ ಓಟವನ್ನು ಮತ್ತೊಮ್ಮೆ ಓಡಿಸಿ ತೋರಿಸಲು ಬರುವುದಿಲ್ಲ. ಸದಸ್ಯರೆದುರು ನಡೆಯುವ ಲಾಟರಿಗೆ ಅದು ಕೊರತೆಯೇ.

ಈ ಸಂಘಕ್ಕೆ ಒಪ್ಪಿದ ಕ್ರಮ ಹೀಗಿದೆ. ಜ್ಯೇಷ್ಠತಾ ಪಟ್ಟಿ, ತಿದ್ದಿದ ಕೋಡ್, ಪೈಥಾನಿನ ಆವೃತ್ತಿ, ಈ ಮೂರನ್ನೂ ಮೊದಲೇ ಅಚ್ಚುಹಾಕಿಸಿ ಫಲಕಕ್ಕೆ ಅಂಟಿಸಬೇಕು. ಆವೃತ್ತಿ ಯಾಕೆಂದರೆ ಅದೇ ಬೀಜಕ್ಕೆ `randrange` ಎಲ್ಲ ಆವೃತ್ತಿಯಲ್ಲೂ ಅದೇ ಸಂಖ್ಯೆ ಕೊಡುತ್ತದೆಂಬ ಭರವಸೆ ಇಲ್ಲ. ಲಾಟರಿಯ ದಿನ, ಪಟ್ಟಿಗೆ ಎಲ್ಲರ ಸಹಿ ಬಿದ್ದ ಮೇಲೆ, 0ಯಿಂದ 9ರ ಹತ್ತು ಬಿಲ್ಲೆಗಳಿರುವ ಡಬ್ಬಿಯಿಂದ ಸದಸ್ಯರು ಒಬ್ಬೊಬ್ಬರಾಗಿ ಬಂದು ಒಂದು ಬಿಲ್ಲೆ ಎತ್ತಿ, ಅಂಕಿಯನ್ನು ಎಲ್ಲರಿಗೂ ತೋರಿಸಿ, ಬಿಲ್ಲೆಯನ್ನು ಮತ್ತೆ ಡಬ್ಬಿಗೆ ಹಾಕಿ ಅಲುಗಾಡಿಸಬೇಕು. ಹೀಗೆ 30 ಅಂಕಿ ಸಿಗುವವರೆಗೆ. 10^30 ಬೀಜಗಳು 24! ಕ್ರಮಗಳಿಗಿಂತ ಹತ್ತು ಲಕ್ಷ ಪಟ್ಟಿಗೂ ಹೆಚ್ಚು, ಅಷ್ಟು ಅಂತರವಿದ್ದರೆ ಬೀಜದ ಕಡೆಯಿಂದ ಯಾವ ಕ್ರಮಕ್ಕೂ ಗಮನಿಸುವಷ್ಟು ಹೆಚ್ಚುಕಡಿಮೆ ಆಗುವುದಿಲ್ಲ. ಮೊದಲ ಅಂಕಿ 0 ಬಂದರೂ ಪೈಥಾನ್ ತಕರಾರು ಮಾಡದಂತೆ ಆ 30 ಅಂಕಿಗಳನ್ನು ಉದ್ಧರಣ ಚಿಹ್ನೆಯೊಳಗೆ ಬರೆದು `random.seed()`ಗೆ ಕೊಟ್ಟು, `kalesu` ಅನ್ನು ಒಮ್ಮೆ, ಒಂದೇ ಒಮ್ಮೆ ಕರೆಯಬೇಕು. ಮೊದಲು ಪ್ರಯೋಗಕ್ಕೆಂದು ಒಮ್ಮೆ ಓಡಿಸಿ ಆಮೇಲೆ ನಿಜವಾದದ್ದು ಎಂದರೆ ಜನರೇಟರಿನ ಸ್ಥಿತಿ ಬದಲಾಗಿರುತ್ತದೆ, ಮನೆಗೆ ಹೋಗಿ ಅದೇ ಬೀಜ ಹಾಕಿ ನೋಡಿದ ಸದಸ್ಯರಿಗೆ ಬೇರೆ ಸೈಟು ಬಂದು ಜಗಳವಾಗುತ್ತದೆ. ಬೀಜ, ಮೂಲ ಪಟ್ಟಿ ಮತ್ತು ಕಲೆಸಿದ ಪಟ್ಟಿ ಮೂರೂ ನಡಾವಳಿ ಪುಸ್ತಕದ ಒಂದೇ ಪುಟದಲ್ಲಿ ಇರಬೇಕು.